ಮಣ್ಣು ಆರೋಗ್ಯ ಚೀಟಿ ಓದೋದು ಹೇಗೆ? ಕಾಲುವೆ ಕೊನೆಯ ಮೂರು ಎಕರೆ ನೆಲ್ಲಿನ ಗದ್ದೆಯ ಲೆಕ್ಕ

ಮೇ ತಿಂಗಳಲ್ಲಿ ಊರಿಗೆ ಹೋದಾಗ ನಮ್ಮ ಕಾಕಾ ಗೋಡೆಯ ಮೊಳೆಗೆ ಚುಚ್ಚಿದ್ದ ಮಣ್ಣು ಆರೋಗ್ಯ ಚೀಟಿ ತೆಗೆದು ನನ್ನ ಕೈಗಿಟ್ಟರು. "ಹನ್ನೆರಡು ನಂಬರ್ ಅದಾವ ನೋಡಪ್ಪಾ. ಇದರಾಗ ನಾ ಏನ್ ಮಾಡಬೇಕು ಅನ್ನೋದು ಎಲ್ಲೈತಿ?" ಅಂದರು. ಚೀಟಿ ಬಂದು ಒಂದು ವರ್ಷವಾಗಿತ್ತು. ಗೊಬ್ಬರ ಮಾತ್ರ ಹಳೇ ಲೆಕ್ಕದಲ್ಲೇ ಬಿದ್ದಿತ್ತು. ಎಕರೆಗೆ ಎರಡು ಚೀಲ ಡಿಎಪಿ, ನಾಲ್ಕು ಚೀಲ ಯೂರಿಯಾ.

ಕಾಕಾನ ಹೊಲ ಕಾರಟಗಿ ಕಡೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಕೊನೆಯಲ್ಲಿ ಮೂರು ಎಕರೆ ಎರೆ ಭೂಮಿ. ವರ್ಷಕ್ಕೆ ಒಂದೋ ಎರಡೋ ನೆಲ್ಲು. ಗಂಗಾವತಿ, ಸಿಂಧನೂರು, ಮಾನ್ವಿ, ಸಿರುಗುಪ್ಪದ ತುಂಬ ಗದ್ದೆಗಳ ಕಥೆ ಇದೇ. ಅದಕ್ಕೆ ಆ ದಿನ ಕಾಕಾನ ಜೊತೆ ಕೂತು ಚೀಟಿ ಓದಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಚೀಟಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಅವರ ಚೀಟಿಯಲ್ಲಿ ಇದ್ದದ್ದು ಇಷ್ಟು:

- ರಸಸಾರ (ಪಿಎಚ್) 8.7, ಲವಣಾಂಶ (ಇಸಿ) 1.3
- ಸಾವಯವ ಇಂಗಾಲ ಶೇ 0.42
- ಹೆಕ್ಟೇರಿಗೆ ಕಿಲೋ ಲೆಕ್ಕದಲ್ಲಿ ಸಾರಜನಕ 190, ರಂಜಕ 64, ಪೊಟ್ಯಾಷ್ 410
- ಪಿಪಿಎಂ ಲೆಕ್ಕದಲ್ಲಿ ಗಂಧಕ 9, ಸತು 0.42, ಕಬ್ಬಿಣ 3.2, ತಾಮ್ರ 1.1, ಮ್ಯಾಂಗನೀಸ್ 5, ಬೋರಾನ್ 0.9

ಮೊದಲು ಇದು ನಿಮ್ಮ ಮಣ್ಣೇನಾ ನೋಡಿ

ಚೀಟಿಯ ಮೇಲ್ಭಾಗದಲ್ಲಿ ಸರ್ವೆ ನಂಬರ್, ಮಾದರಿ ತೆಗೆದ ದಿನ ಇರುತ್ತವೆ. ಎಲ್ಲರೂ ಬಿಟ್ಟು ಮುಂದೆ ಹೋಗುವುದು ಅದನ್ನೇ. ಈ ಯೋಜನೆ 2015ರಲ್ಲಿ ಶುರುವಾದಾಗ ಒಬ್ಬೊಬ್ಬರ ಹೊಲದಿಂದಲೂ ಮಣ್ಣು ತೆಗೆಯಲಿಲ್ಲ. ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ, ಒಣ ಬೇಸಾಯದಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ ಅಂತ ಇತ್ತು. ಅಂದರೆ ಆರು ಎಕರೆಗೆ ಒಂದು ಮಾದರಿ. ಆ ಲೆಕ್ಕದಲ್ಲಿ ಬಂದ ಚೀಟಿಯ ನಂಬರು ಪಕ್ಕದವರ ಗದ್ದೆಯದ್ದೂ ಆಗಿರಬಹುದು. ಕಾಕಾನದ್ದು ಅವರೇ ಮಣ್ಣು ಕೊಟ್ಟು ಮಾಡಿಸಿದ್ದು, ಹಾಗಾಗಿ ನಂಬಬಹುದಿತ್ತು.

ದಿನಾಂಕಕ್ಕೂ ಬೆಲೆ ಇದೆ. ಬೇಸಿಗೆಯಲ್ಲಿ ನೆಲ ಒಣಗುತ್ತಾ ಹೋದ ಹಾಗೆ ಕೆಳಗಿನ ಉಪ್ಪು ನೀರಿನ ಜೊತೆ ಮೇಲೆ ಬಂದು ಕೂಡುತ್ತದೆ. ಮೇ ತಿಂಗಳಲ್ಲಿ ತೆಗೆದ ಮಣ್ಣಿನಲ್ಲಿ ಇಸಿ ಜಾಸ್ತಿ ಕಾಣುತ್ತದೆ. ನೆಲ್ಲು ಕೊಯ್ದ ಕೂಡಲೇ ತೆಗೆದರೆ ಕಡಿಮೆ. ಎರಡು ಚೀಟಿ ಹೋಲಿಸುವಾಗ ಎರಡೂ ಒಂದೇ ತಿಂಗಳಿನದ್ದಾ ಅಂತ ನೋಡಿಕೊಳ್ಳಿ.

ಹನ್ನೆರಡರಲ್ಲಿ ಎರಡು ನಂಬರು ಮೊದಲು

ಕಾಲುವೆ ಕೊನೆಯ ಎರೆ ಭೂಮಿಯಲ್ಲಿ ಉಳಿದ ಹತ್ತನ್ನು ಮುಚ್ಚಿಟ್ಟು ಪಿಎಚ್ ಮತ್ತು ಇಸಿ ಎರಡನ್ನೇ ಮೊದಲು ಓದಬೇಕು. ಇವೆರಡು ಕೆಟ್ಟಿದ್ದರೆ ನೀವು ಹಾಕುವ ಗೊಬ್ಬರ ಬೆಳೆಯ ಬಾಯಿಗೆ ಸರಿಯಾಗಿ ಹೋಗುವುದಿಲ್ಲ.

ಇಸಿ ಅಂದರೆ ನೀರಲ್ಲಿ ಕರಗುವ ಉಪ್ಪು ಎಷ್ಟಿದೆ ಅನ್ನುವ ಅಳತೆ. ಚೀಟಿಯಲ್ಲಿ 1ರ ಒಳಗಿದ್ದರೆ ಚಿಂತೆ ಇಲ್ಲ. 1 ದಾಟಿದರೆ ಮೊಳಕೆ ಮತ್ತು ಎಳೇ ಸಸಿಗೆ ತೊಂದರೆ ಶುರು. 2 ದಾಟಿದರೆ ತುಂಬ ಬೆಳೆಗಳು ಸೊರಗುತ್ತವೆ. ಇಲ್ಲಿ ಒಂದು ಗೊಂದಲ ಆಗುತ್ತದೆ. ಪುಸ್ತಕದಲ್ಲಿ, ಭಾಷಣದಲ್ಲಿ "ಇಸಿ 4 ದಾಟಿದರೆ ಮಾತ್ರ ಸವಳು ಭೂಮಿ" ಅಂತ ಕೇಳಿರುತ್ತೀರಿ. ಆ 4 ಅನ್ನುವುದು ಮಣ್ಣನ್ನು ನೀರಲ್ಲಿ ಮುದ್ದೆ ಮಾಡಿ, ಅದರಿಂದ ಹಿಂಡಿದ ನೀರಿನ ಅಳತೆ. ಚೀಟಿಗೆ ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಹಾಕಿ ತೆಳುವಾಗಿ ಅಳೆಯುತ್ತಾರೆ. ತೆಳು ಮಾಡಿದ ಮೇಲೆ ನಂಬರು ಕಡಿಮೆಯೇ ಬರಬೇಕಲ್ವಾ? ಅದಕ್ಕೆ ಚೀಟಿಯ 1.3 ನೋಡಿ "4 ಇನ್ನೂ ದೂರ ಇದೆ" ಅಂತ ಸುಮ್ನೆ ಕೂರಬಾರದು.

ಈಗ ಪಿಎಚ್. ನಮ್ಮ ಎರೆ ಭೂಮಿಯಲ್ಲಿ 8ರಿಂದ 8.4ರ ತನಕ ಇರುವುದು ಸಹಜ. ಅದು ಮಣ್ಣಿನಲ್ಲಿರುವ ಸುಣ್ಣದ ಗುಣ. ಉಳುವಾಗ ಬಿಳಿ ಸುಣ್ಣದ ಹರಳು ಏಳುತ್ತವೆಯಲ್ಲ, ಅದೇ. ಒಂದು ಹಿಡಿ ಮಣ್ಣಿನ ಮೇಲೆ ನಿಂಬೆಹಣ್ಣು ಹಿಂಡಿದರೆ ಚುರ್ ಅಂತ ನೊರೆ ಬರುತ್ತದೆ. ಈ ಸುಣ್ಣವನ್ನು ತೆಗೆಯಲು ಆಗುವುದಿಲ್ಲ, ತೆಗೆಯಬೇಕಾಗಿಯೂ ಇಲ್ಲ. 8.2 ಇರುವವರು ಪಿಎಚ್ ಇಳಿಸುತ್ತೇನೆ ಅಂತ ಜಿಪ್ಸಂಗೆ ದುಡ್ಡು ಹಾಕಬೇಡಿ, ಇಳಿಯುವುದಿಲ್ಲ.

8.5 ದಾಟಿದರೆ ಮಾತ್ರ ಬೇರೆ ಅನುಮಾನ ಬರಬೇಕು. ಸುಣ್ಣದ ಜೊತೆಗೆ ಸೋಡಿಯಂ ಸೇರಿಕೊಂಡಿರಬಹುದು. ಸೋಡಿಯಂ ಕಣಗಳಿಗೆ ಅಂಟಿಕೊಂಡರೆ ಎರೆ ಮಣ್ಣು ಒಡೆದು ನುಣ್ಣಗೆ ತೇಲುತ್ತದೆ, ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಮೇಲೆ ನೀರು ನಿಂತಿರುತ್ತದೆ, ಒಂದು ಗೇಣು ಕೆಳಗೆ ಒಣ ಮಣ್ಣು. ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿ. ಕಾಕಾನ ಗದ್ದೆಯ ಕೆಳಗಿನ ಒಂದು ಎಕರೆ ಹೀಗೇ ಇತ್ತು.

ಸೋಡಿಯಂ ಎಷ್ಟಿದೆ ಅಂತ ಚೀಟಿಯಲ್ಲಿ ಬರುವುದಿಲ್ಲ. ಅನುಮಾನ ಇದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು.

ಗಾಜಿನ ಲೋಟದ ಪರೀಕ್ಷೆ

ಗದ್ದೆಯಿಂದ ಒಣಗಿದ ಮಣ್ಣಿನ ಹೆಂಟೆ ತನ್ನಿ. ಕಡಲೆಕಾಳಿನಷ್ಟು ಸಣ್ಣ ಚೂರು ನಾಲ್ಕೈದು ಮಾಡಿಕೊಳ್ಳಿ. ಗಾಜಿನ ಲೋಟಕ್ಕೆ ಮಳೆ ನೀರು ಅಥವಾ ಊರಿನ ಶುದ್ಧ ನೀರಿನ ಘಟಕದ ನೀರು ಹಾಕಿ. ಬೋರಿನ ನೀರು ಬೇಡ, ಅದರ ಉಪ್ಪಿನಿಂದ ಫಲಿತಾಂಶ ಕೆಡುತ್ತದೆ. ಚೂರುಗಳನ್ನು ಮೆಲ್ಲಗೆ ಬಿಟ್ಟು ಲೋಟವನ್ನು ಅಲುಗಾಡಿಸದೆ ಎರಡು ಗಂಟೆ ಇಡಿ.

ಚೂರು ಪುಡಿಯಾಗಿ ಕೆಳಗೆ ಕೂತು ನೀರು ತಿಳಿಯಾಗಿಯೇ ಇದ್ದರೆ ಒಳ್ಳೆಯದು. ಚೂರಿನ ಸುತ್ತ ಮಜ್ಜಿಗೆ ಕದಡಿದ ಹಾಗೆ ಮಬ್ಬು ಎದ್ದು, ಅದು ಲೋಟದ ತಳಕ್ಕೆಲ್ಲ ಹರಡಿದರೆ ಸೋಡಿಯಂ ಇದೆ ಅಂತ ತಿಳಿಯಿರಿ. ಕಾಕಾನ ಮೇಲಿನ ಎರಡು ಎಕರೆಯ ಮಣ್ಣು ತಿಳಿಯಾಗಿ ನಿಂತಿತು. ಕೆಳಗಿನ ಎಕರೆಯದ್ದು ಹತ್ತು ನಿಮಿಷಕ್ಕೇ ಮಬ್ಬಾಯಿತು. ಮೂರು ಎಕರೆಗೂ ಒಂದೇ ಚೀಟಿ ಇದ್ದರೂ ಒಳಗೆ ಎರಡು ಥರದ ಮಣ್ಣಿತ್ತು.

ಈ ಪರೀಕ್ಷೆಗೂ ಒಂದು ಮಿತಿ ಇದೆ. ಇಸಿ ತುಂಬ ಜಾಸ್ತಿ ಇದ್ದರೆ, ಅಂದರೆ ಬಿಳಿ ಉಪ್ಪು ಕಣ್ಣಿಗೇ ಕಾಣುವಂತಿದ್ದರೆ, ಆ ಉಪ್ಪೇ ಮಣ್ಣಿನ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೋಡಿಯಂ ಇದ್ದರೂ ನೀರು ತಿಳಿಯಾಗಿ ಕಾಣಬಹುದು. ಅಂಥ ಮಣ್ಣನ್ನು ಪ್ರಯೋಗಾಲಯಕ್ಕೇ ಕೊಡಿ.

ಜಿಪ್ಸಂ ಎಷ್ಟು, ಹೇಗೆ

ಜಿಪ್ಸಂ ಎಷ್ಟು ಹಾಕಬೇಕು ಅನ್ನುವುದನ್ನು ಪಿಎಚ್ ನೋಡಿ ಹೇಳಲು ಬರುವುದಿಲ್ಲ. "ಜಿಪ್ಸಂ ಅಗತ್ಯ" ಅಂತಲೇ ಬೇರೆ ಪರೀಕ್ಷೆ ಇದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆಯೇ ಕೆಲಸ ನಡೆಯುತ್ತದೆ. ಅಲ್ಲಿ ಅಥವಾ ನಿಮ್ಮ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಕಾಕಾನ ಕೆಳಗಿನ ಎಕರೆಗೆ ಪೂರ್ತಿ ಅಗತ್ಯ ಎರಡು ಟನ್ ಅಂತ ಬಂತು. ನೆಲ್ಲಿನ ಬೇರು ಮೇಲೆಯೇ ಇರುವುದರಿಂದ ಅರ್ಧದಿಂದ ಶುರು ಮಾಡುವುದು ವಾಡಿಕೆ. ಒಂದು ಟನ್, ಅಂದರೆ ಐವತ್ತು ಕಿಲೋದ ಇಪ್ಪತ್ತು ಚೀಲ.

ಜಿಪ್ಸಂ ಚೆಲ್ಲುವುದಕ್ಕಿಂತ ಮುಂಚೆ ಬಸಿಗಾಲುವೆ ನೋಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಜಿಪ್ಸಂನ ಸುಣ್ಣದಂಶ ಸೋಡಿಯಂ ಅನ್ನು ಮಣ್ಣಿನ ಕಣದಿಂದ ಬಿಡಿಸುತ್ತದೆ, ಅಷ್ಟೇ. ಬಿಡಿಸಿದ ಸೋಡಿಯಂ ನೀರಿನ ಜೊತೆ ಗದ್ದೆಯಿಂದ ಹೊರಗೆ ಹೋಗಬೇಕು. ಹೋಗಲು ದಾರಿ ಇಲ್ಲದಿದ್ದರೆ ಇಪ್ಪತ್ತು ಚೀಲವೂ ದಂಡ. ಕಾಕಾನ ಗದ್ದೆಯ ಕೆಳಬದುವಿಗೆ ಹೊಂದಿಕೊಂಡ ಬಸಿಗಾಲುವೆಯಲ್ಲಿ ಆಪು ಬೆಳೆದು ನೀರು ನಿಂತಿತ್ತು. ಕೆಳಗಿನ ಇಬ್ಬರು ರೈತರನ್ನು ಸೇರಿಸಿಕೊಂಡು ಅದನ್ನು ತೋಡಿಸಿದ್ದೇ ಮೊದಲ ಖರ್ಚು.

ಆಮೇಲಿನ ಕೆಲಸ ಹೀಗೆ. ಗದ್ದೆ ಮಟ್ಟ ಮಾಡಿ, ಬದು ಗಟ್ಟಿ ಮಾಡಿ. ಜಿಪ್ಸಂ ಪುಡಿಯನ್ನು ಸಮನಾಗಿ ಚೆಲ್ಲಿ, ನಾಲ್ಕು ಇಂಚು ಆಳಕ್ಕೆ ಮಾತ್ರ ಬೆರೆಸಿ. ಆಳವಾಗಿ ಉಳುಮೆ ಹೊಡೆದರೆ ಜಿಪ್ಸಂ ಹಂಚಿಹೋಗಿ ಬಲ ಕಳೆದುಕೊಳ್ಳುತ್ತದೆ. ಕಾಲುವೆ ನೀರು ಅಥವಾ ಒಳ್ಳೆ ಮಳೆ ಬಂದಾಗ ಒಂದು ಗೇಣಿನಷ್ಟು ನೀರು ನಿಲ್ಲಿಸಿ, ಹತ್ತು ಹದಿನೈದು ದಿನ ಬಿಟ್ಟು ಬಸಿಗಾಲುವೆಗೆ ಬಿಡಿ. ನೀರು ಇದ್ದರೆ ಇನ್ನೊಂದು ಸಲ ಮಾಡಿ. ಅದಾದ ಮೇಲೆ ಡಯಾಂಚ ಬಿತ್ತಿ. ಎಕರೆಗೆ ಹತ್ತು ಹನ್ನೆರಡು ಕಿಲೋ ಬೀಜ ಸಾಕು. ಡಯಾಂಚ ಈ ಮಣ್ಣನ್ನು ಸಹಿಸುತ್ತದೆ. 45 ದಿನಕ್ಕೆ, ಕಾಂಡ ಇನ್ನೂ ಮೆತ್ತಗಿರುವಾಗ ರೊಳ್ಳೆ ಹೊಡೆದು ಮಣ್ಣಿಗೆ ಸೇರಿಸಿ. ಕಾಲುವೆ ನೀರು ತಡವಾಗಿ ಬರುವ ವರ್ಷ ಇಷ್ಟಕ್ಕೆಲ್ಲ ಸಮಯ ಸಿಗುವುದಿಲ್ಲ. ಆಗ ನೀರು ನಿಲ್ಲಿಸಿ ಬಿಡುವುದನ್ನು ಉಳಿಸಿಕೊಂಡು ಡಯಾಂಚ ಕೈಬಿಡಿ. ಡಯಾಂಚಕ್ಕಾಗಿ ನೀರು ಬಿಡುವ ಕೆಲಸ ತಪ್ಪಿಸಬೇಡಿ.

ಇಸಿ 1 ದಾಟಿದ ಗದ್ದೆಗೆ 30–35 ದಿನದ ಬಲಿತ ಸಸಿ ಹಚ್ಚಿ. ಗುಣಿಗೆ ಮೂರು ನಾಲ್ಕು ಸಸಿ ಇರಲಿ. 20 ದಿನದ ಎಳೇ ಸಸಿ ಇಲ್ಲಿ ಸುಟ್ಟುಹೋಗುತ್ತದೆ. ನಾಟಿ ಆದ ಮೇಲೆ ಗದ್ದೆ ಒಣಗಿ ಬಿರುಕು ಬಿಡದಂತೆ ನೋಡಿಕೊಳ್ಳಿ. ಒಣಗಿದರೆ ಉಪ್ಪು ಮೇಲೆ ಬರುತ್ತದೆ.

ರಂಜಕ ಜಾಸ್ತಿ, ಸತು ಕಡಿಮೆ: ಎರಡೂ ಒಂದೇ ಗಂಟು

ಇನ್ನು ಗೊಬ್ಬರ. ಕಾಕಾನ ರಂಜಕ 64. ಇದನ್ನು ಓದುವಾಗ ಚೀಟಿಯಲ್ಲಿ P ಅಂತ ಇದೆಯೋ P₂O₅ ಅಂತ ಇದೆಯೋ ನೋಡಿ. P ಲೆಕ್ಕದಲ್ಲಿ 25 ದಾಟಿದರೆ ಜಾಸ್ತಿ. P₂O₅ ಲೆಕ್ಕದಲ್ಲಿ 23ರಿಂದ 56 ಮಧ್ಯಮ, 56 ದಾಟಿದರೆ ಜಾಸ್ತಿ. ಒಂದೇ 40 ಅನ್ನುವ ನಂಬರು ಒಂದು ಲೆಕ್ಕದಲ್ಲಿ ಜಾಸ್ತಿ, ಇನ್ನೊಂದು ಲೆಕ್ಕದಲ್ಲಿ ಮಧ್ಯಮ! ಪಕ್ಕದಲ್ಲಿ ಕಡಿಮೆ, ಮಧ್ಯಮ, ಜಾಸ್ತಿ ಅಂತ ಬರೆದಿರುತ್ತಾರಲ್ಲ, ಅದರ ಜೊತೆ ತಾಳೆ ನೋಡಿ. ಕಾಕಾನ 64 ಯಾವ ಲೆಕ್ಕದಲ್ಲೂ ಜಾಸ್ತಿಯೇ.

ಜಾಸ್ತಿ ಆಗಿದ್ದು ಎಲ್ಲಿಂದ? ಎಷ್ಟೋ ವರ್ಷ ಎಕರೆಗೆ ಎರಡು ಚೀಲ ಡಿಎಪಿ ಬಿದ್ದದ್ದರಿಂದ. ರಂಜಕ ಯೂರಿಯಾದಂತೆ ಹಾರಿಹೋಗುವುದಿಲ್ಲ, ನೀರಲ್ಲಿ ಸುಲಭಕ್ಕೆ ಕೊಚ್ಚಿಹೋಗುವುದಿಲ್ಲ, ಮಣ್ಣಿನಲ್ಲೇ ಕೂಡುತ್ತದೆ. ಹೀಗೆ ಕೂಡಿದ ರಂಜಕ ಬೆಳೆಗೆ ಸತು ಸಿಗದಂತೆ ಮಾಡುತ್ತದೆ. ಸತುವಿಗೆ 0.6 ಕನಿಷ್ಠ, ಕಾಕಾನದ್ದು 0.42. ಪಿಎಚ್ ಮೇಲಿದ್ದರೆ ಅದೂ ಇನ್ನಷ್ಟು ಕಷ್ಟ.

ನಾಟಿ ಆಗಿ ಎರಡು ಮೂರು ವಾರಕ್ಕೆ ಹಳೇ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ, ಅಲ್ಲಲ್ಲಿ ಗಿಡ ಗಿಡ್ಡ, ಎಳೇ ಎಲೆಯ ಬುಡದಲ್ಲಿ ನಡುದಿಂಡು ಬಿಳಿಚಿಕೊಳ್ಳುವುದು, ಇವು ಸತು ಕೊರತೆಯ ಗುರುತು. ಕಾಕಾನಿಗೆ ಅಂಗಡಿಯಲ್ಲಿ ಇದಕ್ಕೆ ರೋಗದ ಔಷಧಿ ಕೊಟ್ಟಿದ್ದರು. ಎರಡು ಸಲ ಹೊಡೆದಿದ್ದರು. ಚುಕ್ಕೆ ಹಾಗೇ ಇತ್ತು.

ಸತುವಿನ ಸಲ್ಫೇಟ್ ಮಾಮೂಲಿಗೆ ಎಕರೆಗೆ 10 ಕಿಲೋ. ಸೋಡಿಯಂ ಇರುವ ಎಕರೆಗೆ 20 ಕಿಲೋ. ಕೊನೇ ರೊಳ್ಳೆಯ ಹೊತ್ತಿಗೆ ಪುಡಿ ಮಾಡಿದ ತಿಪ್ಪೆ ಗೊಬ್ಬರದಲ್ಲಿ ಕಲಸಿ ಚೆಲ್ಲಿ. ಡಿಎಪಿ ಜೊತೆ ಒಂದೇ ಬುಟ್ಟಿಯಲ್ಲಿ ಕಲಸಬೇಡಿ. ಎರಡೂ ಕೂಡಿ ಕರಗದ ಹರಳಾಗಿ ಕೂರುತ್ತವೆ. ನಡುವೆ ಮೂರು ನಾಲ್ಕು ದಿನ ಅಂತರ ಇರಲಿ. ಒಮ್ಮೆ ಹಾಕಿದರೆ ಎರಡು ಮೂರು ಬೆಳೆಗೆ ಅದರ ಬಲ ಇರುತ್ತದೆ, ಪ್ರತಿ ಬೆಳೆಗೂ ಬೇಡ. ನಾಟಿ ಆದ ಮೇಲೆ ಚುಕ್ಕೆ ಕಂಡರೆ ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣದ ತಿಳಿ ಸೇರಿಸಿ ಸಿಂಪಡಿಸಿ. ಸುಣ್ಣ ಇಲ್ಲದೆ ಹೊಡೆದರೆ ಎಲೆ ಸುಡಬಹುದು.

ಚೀಲದ ಲೆಕ್ಕ

ಈ ಅಚ್ಚುಕಟ್ಟಿನ ನಾಟಿ ನೆಲ್ಲಿಗೆ ಹೆಕ್ಟೇರಿಗೆ 150 ಕಿಲೋ ಸಾರಜನಕ, 75 ರಂಜಕ, 75 ಪೊಟ್ಯಾಷ್ ಶಿಫಾರಸು. ಎಕರೆಗೆ ಬೇಕಾದರೆ ಎರಡೂವರೆಯಿಂದ ಭಾಗಿಸಿ: 60, 30, 30. ಚೀಟಿಯಲ್ಲಿ "ಜಾಸ್ತಿ" ಇದ್ದದ್ದಕ್ಕೆ ಕಾಲು ಭಾಗ ಕಳೆಯುವುದು, "ಕಡಿಮೆ" ಇದ್ದದ್ದಕ್ಕೆ ಕಾಲು ಭಾಗ ಕೂಡಿಸುವುದು ಸಾಮಾನ್ಯ ಪದ್ಧತಿ.

ಕಾಕಾನ ರಂಜಕ ಜಾಸ್ತಿ. 30ರಲ್ಲಿ ಕಾಲು ಭಾಗ ಕಳೆದರೆ ಇಪ್ಪತ್ತೆರಡೂವರೆ ಕಿಲೋ. ಒಂದು ಚೀಲ ಡಿಎಪಿಯಲ್ಲಿ 23 ಕಿಲೋ ರಂಜಕ, 9 ಕಿಲೋ ಸಾರಜನಕ ಇದೆ. ಅಂದರೆ ಎರಡು ಚೀಲದ ಬದಲು ಒಂದೇ ಚೀಲ. ಎಕರೆಗೆ 1350 ರೂಪಾಯಿ ಅಲ್ಲೇ ಉಳಿಯಿತು.

ಪೊಟ್ಯಾಷ್ 410 ಇದೆ, 336 ದಾಟಿದ್ದರಿಂದ ಅದೂ ಜಾಸ್ತಿ. ಅದಕ್ಕೂ ಇಪ್ಪತ್ತೆರಡೂವರೆ ಕಿಲೋ ಸಾಕು. ಎಂಒಪಿ ಚೀಲದಲ್ಲಿ 30 ಕಿಲೋ ಇರುತ್ತದೆ, ಹಾಗಾಗಿ ಮುಕ್ಕಾಲು ಚೀಲ.

ಸಾರಜನಕ 190. 280ರ ಕೆಳಗಿದ್ದರೆ ಕಡಿಮೆ. ನಮ್ಮ ಬಿಸಿಲಿನ ಸೀಮೆಯಲ್ಲಿ ಬಹುತೇಕ ಚೀಟಿಯಲ್ಲಿ ಇದು ಕಡಿಮೆಯೇ ಬರುತ್ತದೆ. ಅದನ್ನು ನೋಡಿ ಹೆದರಿ ಐದು ಚೀಲ ಯೂರಿಯಾ ಹಾಕಿದರೆ ಕಂದು ಜಿಗಿಹುಳು, ಬೆಂಕಿ ರೋಗವನ್ನು ಕರೆದುಕೊಂಡ ಹಾಗೆ. ಕಾಲು ಭಾಗ ಕೂಡಿಸಿದರೆ 75 ಕಿಲೋ. ಡಿಎಪಿಯಿಂದ ಬಂದ 9 ಕಳೆದರೆ 66. ನೂರು ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕ ಇರುವುದರಿಂದ 143 ಕಿಲೋ ಯೂರಿಯಾ ಬೇಕು. 45 ಕಿಲೋದ ಮೂರು ಚೀಲ, ಮೇಲೆ 8 ಕಿಲೋ. ಮೇಲಿನ ಎರಡು ಎಕರೆಗೆ ಇದೇ ಲೆಕ್ಕ. ಡಯಾಂಚ ಸೇರಿಸಿದ ಕೆಳಗಿನ ಎಕರೆಗೆ ನಾವು ಕೂಡಿಸಲೇ ಇಲ್ಲ, 60ಕ್ಕೇ ನಿಲ್ಲಿಸಿದೆವು. 9 ಕಳೆದು 51, ಅಂದರೆ ಎರಡೂವರೆ ಚೀಲ ಯೂರಿಯಾ. ನಾಟಿಗೆ ಡಿಎಪಿ ಜೊತೆ ಒಂದು ಚೀಲ, ತೆಂಡೆ ಒಡೆಯುವಾಗ ಮುಕ್ಕಾಲು, ತೆನೆ ಕಟ್ಟುವ ಹೊತ್ತಿಗೆ ಮುಕ್ಕಾಲು.

ಪಿಎಚ್ 8.5 ದಾಟಿದ ಗದ್ದೆಯಲ್ಲಿ ನಿಂತ ನೀರಿನ ಮೇಲೆ ಯೂರಿಯಾ ಚೆಲ್ಲಬೇಡಿ. ಮೂಗಿಗೆ ಬಡಿಯುವ ವಾಸನೆಯಾಗಿ ಗಾಳಿಗೆ ಹೋಗುತ್ತದೆ. ನೀರು ಬಸಿದು, ಕೆಸರಿನ ಮೇಲೆ ಹಾಕಿ ಕಳೆ ತೆಗೆಯುತ್ತಾ ತುಳಿಸಿ, ಮರುದಿನ ನೀರು ಕಟ್ಟಿ.

ಸಾವಯವ ಇಂಗಾಲ 0.5ರ ಕೆಳಗಿದ್ದರೆ ಕಡಿಮೆ. ಕಾಕಾನದ್ದು 0.42. ಸಾರಜನಕ ಕಡಿಮೆ ಬರುವುದರ ಬೇರು ಇಲ್ಲೇ ಇದೆ. ಇಲ್ಲಿಗೆ ನನ್ನ ಒಂದೇ ಕೋರಿಕೆ, ಮಷೀನ್ ಕೊಯ್ದು ಬಿಟ್ಟ ಹುಲ್ಲಿಗೆ ಬೆಂಕಿ ಇಡಬೇಡಿ. ಎಕರೆಗೆ ಎರಡು ಟ್ರ್ಯಾಲಿ ತಿಪ್ಪೆ ಗೊಬ್ಬರ ಎಲ್ಲರಿಗೂ ಸಿಗುವುದಿಲ್ಲ. ಆದರೆ ಹುಲ್ಲು ನಿಮ್ಮ ಗದ್ದೆಯಲ್ಲೇ ಇದೆ.

ಉಳಿದ ನಂಬರುಗಳು

ಗಂಧಕ 10ರ ಕೆಳಗಿದ್ದರೆ ಕಡಿಮೆ. ಜಿಪ್ಸಂ ಹಾಕಿದ ಎಕರೆಗೆ ಬೇರೆ ಗಂಧಕ ಬೇಡ, ಅದರಲ್ಲೇ ಸಾಕಷ್ಟು ಬರುತ್ತದೆ. ಉಳಿದ ಎಕರೆಗೆ ಡಿಎಪಿ ಬದಲು ಸೂಪರ್ ಫಾಸ್ಫೇಟ್ ತಂದರೆ ರಂಜಕದ ಜೊತೆ ಗಂಧಕವೂ ಸಿಗುತ್ತದೆ. ಆಗ ಯೂರಿಯಾ 20 ಕಿಲೋದಷ್ಟು ಜಾಸ್ತಿ ಹಾಕಬೇಕು, ಯಾಕೆಂದರೆ ಅದರಲ್ಲಿ ಸಾರಜನಕ ಇಲ್ಲ.

ಕಬ್ಬಿಣ ನಾಲ್ಕೂವರೆಗಿಂತ ಕಡಿಮೆ ಇದ್ದರೂ ನೀರು ನಿಂತ ನೆಲ್ಲಿಗೆ ಅಷ್ಟು ತೊಂದರೆ ಇಲ್ಲ. ನೀರಿನಡಿ ಕಬ್ಬಿಣ ಕರಗಿ ಬೇರಿಗೆ ಸಿಗುತ್ತದೆ. ಅದೇ ಹೊಲದಲ್ಲಿ ಶೇಂಗಾ ಹಾಕಿದರೆ ಎಳೇ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಆಗ ಕಬ್ಬಿಣದ ಸಲ್ಫೇಟ್ ಮಣ್ಣಿಗೆ ಸುರಿಯಬೇಡಿ, ಸುಣ್ಣದ ಮಣ್ಣು ಅದನ್ನು ನುಂಗಿಬಿಡುತ್ತದೆ. ಲೀಟರಿಗೆ 5 ಗ್ರಾಂ, ಸ್ವಲ್ಪ ನಿಂಬೆರಸ ಸೇರಿಸಿ ಎಲೆಗೆ ಹೊಡೆಯಿರಿ.

ತಾಮ್ರ, ಮ್ಯಾಂಗನೀಸ್ ಸಾಕಷ್ಟಿವೆ. ಬೋರಾನ್ ಅರ್ಧಕ್ಕಿಂತ ಮೇಲಿದ್ದರೆ ಮುಟ್ಟಬೇಡಿ. ಸಾಕಾಗುವುದಕ್ಕೂ ವಿಷವಾಗುವುದಕ್ಕೂ ನಡುವೆ ಅಂತರ ಬಹಳ ಕಡಿಮೆ. "ಎಲ್ಲ ಸೂಕ್ಷ್ಮ ಪೋಷಕಾಂಶ ಇರುವ" ಪ್ಯಾಕೆಟ್ ಕೊಡಲು ಬಂದರೆ ಚೀಟಿ ತೋರಿಸಿ, ನನಗೆ ಸತು ಮಾತ್ರ ಬೇಕು ಅನ್ನಿ.

ಮುಂದಿನ ಚೀಟಿಗೆ ಮಣ್ಣು ತೆಗೆಯುವಾಗ

ಗೊಬ್ಬರ ಹಾಕುವ ಮುಂಚೆ ತೆಗೆಯಿರಿ. ಬದುವಿನ ಪಕ್ಕ, ಗಿಡದ ನೆರಳು, ತಿಪ್ಪೆ ಇದ್ದ ಜಾಗ ಬಿಡಿ. ಅಡ್ಡಾದಿಡ್ಡಿಯಾಗಿ ನಡೆಯುತ್ತಾ ಹತ್ತು ಹದಿನೈದು ಕಡೆ ಮೇಲಿನ ಕಸ ಸರಿಸಿ, ಆರು ಇಂಚು ಆಳಕ್ಕೆ ವಿ ಆಕಾರದ ಗುಂಡಿ ತೋಡಿ. ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನ ತನಕ ಒಂದೇ ದಪ್ಪದ ಹೋಳು ಕೆರೆದು ತೆಗೆಯಿರಿ. ಎಲ್ಲವನ್ನೂ ಬೆರೆಸಿ ರಾಶಿ ಹಾಕಿ, ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದನ್ನು ಚೆಲ್ಲಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ. ನೆರಳಿನಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ. ಯೂರಿಯಾ ಚೀಲಕ್ಕೆ ತುಂಬಿದರೆ ಆ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಕಾಕಾ ಈ ಸಲ ಮೇ ತಿಂಗಳಲ್ಲೇ ಎರಡು ಬಟ್ಟೆ ಚೀಲ ಹಿಡಿದು ಗದ್ದೆಗೆ ಇಳಿದರು. ಒಂದರ ಮೇಲೆ "ಮೇಲಿನ ಎರಡು ಎಕರೆ", ಇನ್ನೊಂದರ ಮೇಲೆ "ಕೆಳಗಿನ ಸವಳು" ಅಂತ ಮಾರ್ಕರಿನಲ್ಲಿ ಬರೆದಿದ್ದರು. ಎರಡನ್ನೂ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು, ಎರಡು ರಸೀದಿ ಬರೆಸಿಕೊಂಡು ಬಂದರು.